ತೇರಿನ ವಿಡಿಯೊದಿಂದ ಎರಡು ನಿಮಿಷದ ಟೀಸರ್ ತೆಗೆದದ್ದು

ಚಿತ್ತಾಪುರ ತಾಲ್ಲೂಕಿನ ಒಂದು ಊರಿನ ಜಾತ್ರೆ ವಿಡಿಯೊ, ಒಂದೂವರೆ ತಾಸಿನದು. ಅದನ್ನ ಯೂಟ್ಯೂಬಿಗೆ ಹಾಕೋ ಮುಂಚೆ ಒಂದು ಟೀಸರ್ ಬೇಕು ಅಂತ ಕಮಿಟಿಯವರು ಬಂದರು. ಮೂಲ ಪ್ರಾಜೆಕ್ಟ್ ಬೇರೆ ಎಡಿಟರ್ ಹತ್ತಿರ ಇತ್ತು. ನನಗೆ ಸಿಕ್ಕಿದ್ದು ಮುಗಿದ ಒಂದೇ ಫೈಲ್.

ಇಂಥ ಫೈಲಿನಲ್ಲಿ ದೊಡ್ಡ ತಲೆನೋವು ಸೌಂಡ್. ಹಾಡು, ಮಾತು, ಹಲಗೆ ಎಲ್ಲಾ ಒಂದೇ ಟ್ರ್ಯಾಕಿನಲ್ಲಿ ಬೆರೆತಿರುತ್ತದೆ. ಶಾಟ್ ಎಲ್ಲಿ ಕತ್ತರಿಸಿದರೂ ಹಿಂದಿನ ಹಾಡು ತುಂಡಾಗಿ ಕಿವಿಗೆ ಹೊಡೆಯುತ್ತದೆ. ಅದಕ್ಕೆ ನಾನು ಚಿತ್ರ ಆರಿಸೋದಕ್ಕಿಂತ ಮೊದಲು ಕಣ್ಣು ಮುಚ್ಚಿಕೊಂಡು ಇಡೀ ವಿಡಿಯೊ ಕೇಳಿದೆ, ಹಾಡು ಇಲ್ಲದೆ ಬರೀ ಸ್ಥಳದ ಸದ್ದು ಇರೋ ಜಾಗಕ್ಕೆಲ್ಲ ಮಾರ್ಕರ್ ಹಾಕುತ್ತಾ ಹೋದೆ. ಎರಡು ಒಳ್ಳೆಯವು ಸಿಕ್ಕವು. ಪುರವಂತರ ಮುಂದೆ ಒಂದೂವರೆ ನಿಮಿಷ ಎಲ್ಲೂ ನಿಲ್ಲದ ಹಲಗೆ. ಇನ್ನೊಂದು, ತೇರಿನ ಮೇಲಿಂದ ಒಬ್ಬ ಹಿರಿಯರು ಕೂಗೋದು: "ಹಗ್ಗ ಹಿಡೀರಪ್ಪಾ, ಎಲ್ಲಾರೂ ಹಿಡೀರಿ!"

ಹಲಗೆಯನ್ನ ಟೈಮ್‌ಲೈನಿನಲ್ಲಿ ಉದ್ದಕ್ಕೆ ಹಾಸಿದೆ. ಅದರ ಮೇಲೆ ಬರೋ ಶಾಟ್‌ಗಳ ಸ್ವಂತ ಸೌಂಡ್ ಪೂರ್ತಿ ಮ್ಯೂಟ್. ಹಾಡು ಬೆರೆತ ಮಾತು ಎಷ್ಟೇ ಚೆನ್ನಾಗಿದ್ದರೂ ಬಿಟ್ಟೆ. ಶಾಟ್ ಬಿಡಿಸೋಕೆ ಡಾವಿಂಚಿ ರಿಸಾಲ್ವ್‌ನ Scene Cut Detection ಬಳಸಿದೆ. ನೇರ ಕಟ್ ಹಿಡಿಯುತ್ತದೆ, ಆದರೆ ಒಂದು ಚಿತ್ರ ಕರಗಿ ಇನ್ನೊಂದು ಮೂಡೋ ಡಿಸಾಲ್ವ್ ಎಷ್ಟೋ ಸಲ ತಪ್ಪಿಹೋಗುತ್ತದೆ. ಅಲ್ಲಿ ಫ್ರೇಮ್ ಫ್ರೇಮ್ ನೋಡಿ, ಹಳೆ ಚಿತ್ರದ ನೆರಳು ಪೂರ್ತಿ ಹೋದ ಮೇಲೇ ಶಾಟ್ ಶುರು ಮಾಡಬೇಕು. ಇಲ್ಲಾಂದ್ರೆ ಪುರವಂತರ ಮುಖದ ಮೇಲೆ ಅಡುಗೆ ಕಡಾಯಿ ತೇಲುತ್ತದೆ! ಕೆಳಗೆ ಹೆಸರಿನ ಪಟ್ಟಿ ಇದ್ದ ಶಾಟ್‌ಗಳನ್ನ ಸ್ವಲ್ಪ ಜೂಮ್ ಮಾಡಿ ಪಟ್ಟಿ ಹೊರಗೆ ತಳ್ಳಿದೆ. ಜಾಸ್ತಿ ಜೂಮ್ ಮಾಡಿದರೆ ಚಿತ್ರ ಮಸುಕಾಗುತ್ತದೆ, ಅಂಥವು ಬೇಡ.

ಶುರುವಿನಲ್ಲಿ ಲೋಗೊ, ಸ್ವಾಗತ ಏನೂ ಇಡಲಿಲ್ಲ. ಕಪ್ಪು ಪರದೆಯ ಮೇಲೆ ಹಿರಿಯರ ಕೂಗು, ಆಮೇಲೆ ಹಗ್ಗ ಹಿಡಿದ ಕೈಗಳು. ಮೊದಮೊದಲು ನಾಲ್ಕು ಪೆಟ್ಟಿಗೊಂದು ಶಾಟ್, ಹಲಗೆ ಜೋರಾದಂತೆ ಎರಡು ಪೆಟ್ಟಿಗೊಂದು. ಪ್ರತಿ ಪೆಟ್ಟಿಗೂ ಕತ್ತರಿಸಿದರೆ ಕಣ್ಣಿಗೆ ಏನೂ ನಿಲ್ಲೋದಿಲ್ಲ.

"ಸನ್ಮಾನದ್ದೂ ಹಾಕ್ರೀ ಸರ, ಗೆಸ್ಟ್ ಬೇಜಾರಾಗ್ತಾರ" ಅಂದರು ಒಬ್ಬರು. ಶಾಲು ಹೊದಿಸೋದನ್ನ ನೋಡೋಕೆ ಬೇರೆ ಊರಿನವರು ಯಾಕೆ ಬರ್ತಾರೆ, ಅಲ್ವಾ? ಪೂರ್ತಿ ವಿಡಿಯೊದಲ್ಲಿ ಇದೆ ಅಂತ ಹೇಳಿ ಒಪ್ಪಿಸಿದೆ.

ತೇರು ಎಳೆಯೋದನ್ನ ಮಾತ್ರ ತೋರಿಸಲಿಲ್ಲ. ಗಾಲಿಗೆ ಕೊಟ್ಟ ಕಟ್ಟಿಗೆ ತೆಗೆಯುತ್ತಾರೆ, ಹಗ್ಗ ಬಿಗಿಯಾಗುತ್ತದೆ, ಗಾಲಿ ಒಂದು ಗೇಣು ಉರುಳುತ್ತದೆ. ಅಲ್ಲಿಗೆ ಕಪ್ಪು. ಜನರ ಕೂಗು ಮಾತ್ರ ಇನ್ನೊಂದು ಕ್ಷಣ ಕೇಳುತ್ತದೆ. ಆಮೇಲೆ ತಾರೀಖು. ಕೊನೆಯ 15 ಸೆಕೆಂಡಿಗೆ ಖಾಲಿ ಹಿನ್ನೆಲೆ ಬಿಟ್ಟೆ. ಯೂಟ್ಯೂಬಿನ ಎಂಡ್ ಸ್ಕ್ರೀನ್ 5ರಿಂದ 20 ಸೆಕೆಂಡ್ ಇಡಬಹುದು, ಪೂರ್ತಿ ವಿಡಿಯೊ ಹಾಕಿದ ದಿನ ಅದರ ಲಿಂಕ್ ಅಲ್ಲೇ ಕೂಡಿಸಿದೆ.