ಆ ಮಸುಕು ಗೆರೆಯನ್ನು ನಾನು ಓದಿದ ರೀತಿ

ಪ್ರೆಗ್ನೆನ್ಸಿ ಟೆಸ್ಟ್‌ನ ಎರಡನೇ ಗೆರೆ ನನಗೆ ಎರಡು ತಿಂಗಳಲ್ಲಿ ಎರಡು ಸಲ ಕಂಡಿತು. ಮೊದಲನೆಯದು ಗೆರೆಯೇ ಅಲ್ಲ. ಎರಡನೆಯದು ನಿಜವಾದದ್ದು, ಆದರೆ ಉಳಿಯಲಿಲ್ಲ.

ಮೊದಲ ತಿಂಗಳು ಬೆಳಿಗ್ಗೆ ಟೆಸ್ಟ್ ಮಾಡಿದೆ. ಐದು ನಿಮಿಷ ಕಾದೆ, ಒಂದೇ ಗೆರೆ. ಕಿಟ್ಟನ್ನು ಬುಟ್ಟಿಗೆ ಹಾಕಿದೆ. ಮಧ್ಯಾಹ್ನ ಮನಸ್ಸು ತಡೆಯದೆ ಮತ್ತೆ ತೆಗೆದು ನೋಡಿದರೆ, ಟಿ ಅಂತ ಬರೆದಿರುವ ಕಡೆ ಸಣ್ಣ ಗೆರೆ ಇತ್ತು! ಗಂಡನನ್ನು ಕೂಗಿದೆ. "ಇದೆ ಕಣೇ, ನನಗೂ ಕಾಣ್ತಿದೆ" ಅಂದರು. ಮೂರು ದಿನ ಅದೇ ಗುಂಗಿನಲ್ಲಿದ್ದೆವು. ನಾಲ್ಕನೇ ದಿನ ಮುಟ್ಟಾಯಿತು.

ಅದು ಮೂತ್ರ ಆರಿದ ಮೇಲೆ ಉಳಿದ ಗುರುತು, ಎವಾಪರೇಷನ್ ಲೈನ್. ಟಿ ಜಾಗದಲ್ಲಿ, ಗರ್ಭ ನಿಂತಾಗ ಬರುವ ಎಚ್‌ಸಿಜಿ ಹಾರ್ಮೋನನ್ನು ಹಿಡಿಯುವ ಆಂಟಿಬಾಡಿಯನ್ನು ಮೊದಲೇ ಒಂದು ಪಟ್ಟಿಯಾಗಿ ಹಚ್ಚಿರುತ್ತಾರೆ. ಹಾರ್ಮೋನ್ ಇದ್ದರೆ ಬಣ್ಣ ಅಲ್ಲಿ ಬಂದು ಅಂಟಿಕೊಳ್ಳುತ್ತದೆ. ಹಾರ್ಮೋನ್ ಇಲ್ಲದಿದ್ದರೂ, ಸ್ಟ್ರಿಪ್ ಒಣಗಿದಾಗ ಆ ಪಟ್ಟಿಯೇ ನೆರಳಿನ ಹಾಗೆ ಎದ್ದು ಕಾಣಬಹುದು. ಆ ಕಿಟ್ಟನ್ನು ಕಿಟಕಿ ಹತ್ತಿರ ಹಿಡಿದು ಇನ್ನೊಮ್ಮೆ ನೋಡಿದೆ. ಯಾವಾಗಲೂ ಬರುವ ಸಿ ಗೆರೆ ಗುಲಾಬಿ. ಟಿ ಗೆರೆಗೆ ಬಣ್ಣವೇ ಇಲ್ಲ, ಬೂದು, ಪೆನ್ಸಿಲ್‌ನಲ್ಲಿ ಎಳೆದ ಹಾಗೆ ತೆಳ್ಳಗೆ. ನಿಜವಾದ ಗೆರೆ ಎಷ್ಟೇ ಮಸುಕಾಗಿದ್ದರೂ ಅದಕ್ಕೆ ಸಿ ಗೆರೆಯದೇ ಬಣ್ಣ ಇರಬೇಕು, ಹೆಚ್ಚು ಕಡಿಮೆ ಅಷ್ಟೇ ಅಗಲವೂ ಇರಬೇಕು. ನೀಲಿ ಬಣ್ಣದ ಕಿಟ್‌ಗಳಲ್ಲಿ ಇದನ್ನು ಗುರುತಿಸುವುದು ಇನ್ನೂ ಕಷ್ಟ, ಹಾಗಾಗಿ ನಾನು ಆಮೇಲೆ ಗುಲಾಬಿಯದನ್ನೇ ತಂದೆ. ಕಿಟ್‌ನಲ್ಲಿ ಹೇಳಿದ ಸಮಯ, ಸಾಮಾನ್ಯವಾಗಿ ಐದು ನಿಮಿಷ, ಕಳೆದ ಮೇಲೆ ಕಂಡದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೂ ಬಿಟ್ಟೆ. ತಡವಾಗಿ ಬಂದ ಗೆರೆಗೆ ಬಣ್ಣ ಇದ್ದರೂ ಅಷ್ಟೇ, ಮಾರನೇ ದಿನ ಹೊಸ ಕಿಟ್.

ಮುಂದಿನ ತಿಂಗಳು ಗುರುವಾರ ಮುಟ್ಟು ಬರಬೇಕಿತ್ತು. ಮಂಗಳವಾರವೇ, ಬೆಳಗಿನ ಮೊದಲ ಮೂತ್ರದಲ್ಲಿ ಟೆಸ್ಟ್ ಮಾಡಿದೆ. ರಾತ್ರಿಯೆಲ್ಲ ತಡೆದಿದ್ದರಿಂದ ಅದರಲ್ಲಿ ಹಾರ್ಮೋನ್ ಜಾಸ್ತಿ ಸಿಗುತ್ತದೆ. ಮೊಬೈಲ್‌ನಲ್ಲಿ ಟೈಮರ್ ಇಟ್ಟೆ. ನಾಲ್ಕನೇ ನಿಮಿಷಕ್ಕೆ ಗೆರೆ ಬಂತು. ತೀರಾ ಮಸುಕು, ಆದರೆ ಗುಲಾಬಿ. ಈ ಸಲ ಸುಳ್ಳಲ್ಲ ಅಂತ ಗೊತ್ತಾಯಿತು.

ಗೆರೆ ನಿಜ ಅಂತ ತಿಳಿಯುವುದು ಬೇರೆ, ಗರ್ಭ ಬೆಳೆಯುತ್ತಿದೆಯಾ ಅಂತ ತಿಳಿಯುವುದು ಬೇರೆ. ಶುರುವಿನಲ್ಲಿ ಎಚ್‌ಸಿಜಿ ಸುಮಾರು ಎರಡು ಮೂರು ದಿನಕ್ಕೊಮ್ಮೆ ಎರಡು ಪಟ್ಟಾಗುತ್ತದೆ. ಅದಕ್ಕೇ ಬುಧವಾರ ಸುಮ್ನಿದ್ದೆ. ಒಂದೇ ದಿನದಲ್ಲಿ ಆಗುವ ವ್ಯತ್ಯಾಸ ಕಣ್ಣಿಗೆ ಕಾಣದೇ ಹೋಗಬಹುದು. ಗುರುವಾರ ಅದೇ ಕಂಪನಿಯ ಸ್ಟ್ರಿಪ್, ಅದೇ ಹೊತ್ತು. ಎರಡನ್ನೂ ಪಕ್ಕಪಕ್ಕ ಇಟ್ಟೆ. ಗಾಢವಾಗಿರಬೇಕಿದ್ದ ಗೆರೆ ಮಂಗಳವಾರದಷ್ಟೇ ಮಸುಕಾಗಿತ್ತು. ಎದೆ ಧಸಕ್ಕೆಂದಿತು.

ಆದರೂ ಗೆರೆಯ ಬಣ್ಣವೊಂದನ್ನೇ ನಂಬುವಂತಿಲ್ಲ. ರಾತ್ರಿ ನೀರು ಜಾಸ್ತಿ ಕುಡಿದಿದ್ದರೂ ಅದು ಮಂಕಾಗುತ್ತದೆ. ಅದೇ ದಿನ ಡಾಕ್ಟರ್ ಹತ್ತಿರ ಹೋದೆ, ರಕ್ತದಲ್ಲಿ ಬೀಟಾ ಎಚ್‌ಸಿಜಿ ನೋಡಿದರು. 28 ಬಂತು. "ಈ ಒಂದು ನಂಬರಿನಿಂದ ಏನೂ ಹೇಳೋಕಾಗಲ್ಲಮ್ಮ, 48 ಗಂಟೆ ಬಿಟ್ಟು ಇನ್ನೊಂದು ನೋಡೋಣ" ಅಂದರು. ಶುಕ್ರವಾರ ಸಂಜೆ ರಕ್ತ ಹೋಗತೊಡಗಿತು. ಶನಿವಾರದ ರಿಪೋರ್ಟ್‌ನಲ್ಲಿ 13.

ಇದನ್ನು ಕೆಮಿಕಲ್ ಪ್ರೆಗ್ನೆನ್ಸಿ ಅನ್ನುತ್ತಾರೆ. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಂಡು ಹಾರ್ಮೋನ್ ಬರತೊಡಗಿರುತ್ತದೆ, ಸ್ಕ್ಯಾನ್‌ನಲ್ಲಿ ಏನಾದರೂ ಕಾಣುವ ಮೊದಲೇ ನಿಂತುಹೋಗುತ್ತದೆ. ಹೆಸರು ಕೇಳಿದರೆ ನಿಜವಾದ ಗರ್ಭವೇ ಅಲ್ಲವೇನೋ ಅನ್ನಿಸುತ್ತದೆ, ಅಲ್ವಾ? ನನಗೆ ಆ ಹೆಸರು ಇಷ್ಟವಿಲ್ಲ. ಅದು ಗರ್ಭವೇ, ನಾನು ಅತ್ತದ್ದೂ ಅದಕ್ಕೇ. ನಾನು ಮೆಟ್ಟಿಲು ಹತ್ತಿದ್ದಕ್ಕೋ, ಭಾರ ಎತ್ತಿದ್ದಕ್ಕೋ ಹೀಗಾಯಿತಾ ಅಂತ ಡಾಕ್ಟರನ್ನು ಕೇಳಿದೆ. ಬಹಳ ಸಲ ಭ್ರೂಣದ ಕ್ರೋಮೋಸೋಮ್ ಲೆಕ್ಕ ತಪ್ಪಿರುತ್ತದೆ, ಅದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ ಅಂದರು.

ಡಾಕ್ಟರ್ ಇನ್ನೊಂದು ಮಾತನ್ನು ಒತ್ತಿ ಹೇಳಿದರು. ನಂಬರ್ ಇಳಿಯದೆ ಅಲ್ಲೇ ನಿಂತರೆ, ಅಥವಾ ನಿಧಾನವಾಗಿ ಏರಿದರೆ, ಗರ್ಭ ಗರ್ಭಕೋಶ ಬಿಟ್ಟು ಟ್ಯೂಬ್‌ನಲ್ಲಿ ಕೂತಿರಬಹುದು. ರಕ್ತ ಹೋಗುತ್ತಿದ್ದರೂ ಇದು ಮುಟ್ಟು ಅಂತ ಸುಮ್ಮನಿರಬಾರದು. ಹೊಟ್ಟೆಯ ಒಂದು ಬದಿ ಜೋರು ನೋವು, ಭುಜದ ತುದಿಯಲ್ಲಿ ನೋವು, ತಲೆ ಸುತ್ತು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಅದಕ್ಕೇ ಬೀಟಾ 5ಕ್ಕಿಂತ ಕೆಳಗೆ ಬರುವವರೆಗೂ ನೋಡುತ್ತೇವೆ ಅಂದರು.

ಮುಂದಿನ ಶನಿವಾರ ಮತ್ತೆ ರಕ್ತ ಕೊಟ್ಟೆ. 2 ಬಂತು. ಮಂಗಳವಾರದ ಆ ಗುಲಾಬಿ ಗೆರೆಯ ಸ್ಟ್ರಿಪ್ ಇನ್ನೂ ನನ್ನ ಡ್ರಾಯರ್‌ನಲ್ಲಿದೆ.