ಮಳೆಗಾಲಕ್ಕೆಂದೇ ಬರೆದ ಸೇವಾ ಒಪ್ಪಂದ

ಕೊಡಗಿನಲ್ಲಿ ಇಂಟರ್‌ನೆಟ್ ಕಂಪನಿಯೊಂದಿಗೆ ಎಸ್‌ಎಲ್‌ಎ, ಅಂದರೆ ಸೇವಾ ಮಟ್ಟದ ಒಪ್ಪಂದ, ಮಾಡಿಕೊಳ್ಳುವವರು ವಿನಾಯಿತಿಗಳ ಪುಟದಿಂದ ಓದಲು ಶುರುಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಒಟ್ಟು ಸಮಯದ ಶೇ 99.5ರಷ್ಟು ಲೈನ್ ಇರುತ್ತದೆ ಎಂಬ ಭರವಸೆ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿರುತ್ತದೆ. ಅದನ್ನು ನುಂಗಿಹಾಕುವ ಸಾಲು ಒಂಬತ್ತನೇ ಪುಟದಲ್ಲೆಲ್ಲೋ ಸಣ್ಣಕ್ಷರದಲ್ಲಿ ಕುಳಿತಿರುತ್ತದೆ.

ನಾನು ಸಹಕಾರ ಸಂಘವೊಂದರ ಗಣಕ ವಿಭಾಗ ನೋಡಿಕೊಳ್ಳುತ್ತೇನೆ. ಮುಖ್ಯ ಕಚೇರಿ ಮಡಿಕೇರಿಯಲ್ಲಿ. ಶಾಖೆಗಳು ನಾಪೋಕ್ಲು, ಸೋಮವಾರಪೇಟೆ, ಪೊನ್ನಂಪೇಟೆ ಕಡೆ. ಲೆಕ್ಕಪತ್ರವೆಲ್ಲ ಮಡಿಕೇರಿಯ ಸರ್ವರ್‌ನಲ್ಲಿರುವುದರಿಂದ ಲೈನ್ ಹೋದರೆ ಶಾಖೆಯಲ್ಲಿ ಠೇವಣಿ ಕಟ್ಟಿಸಿಕೊಳ್ಳುವಂತಿಲ್ಲ, ಗೊಬ್ಬರದ ಬಿಲ್ಲು ಹಾಕುವಂತಿಲ್ಲ. ಹೊಸ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಳ್ಳುವಾಗ ಅವರು ಕಳಿಸಿದ ಕರಡನ್ನು ನಾನು, ಸಂಘದ ಕಾರ್ಯದರ್ಶಿ ಮತ್ತು ನಮ್ಮ ವಕೀಲರು ಕುಳಿತು ಸಾಲು ಸಾಲಾಗಿ ತಿದ್ದಿದೆವು.

ಕರಡಿನ ವಿನಾಯಿತಿ ಹೀಗಿತ್ತು: ‘ಮಳೆ, ಗಾಳಿ, ಪ್ರವಾಹ, ಭೂಕುಸಿತ, ಮರ ಬೀಳುವುದು ಮೊದಲಾದ ಪ್ರಕೃತಿ ವಿಕೋಪದಿಂದ ಉಂಟಾಗುವ ಸ್ಥಗಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.’ ಬಯಲುಸೀಮೆಯಲ್ಲಿ ಇದು ನಡೆದೀತು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೇ ದಿನಚರಿ. ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳಲ್ಲಿ, ತಂತಿಯ ಮೇಲೆ ಮರ ಬೀಳದ ವಾರವೇ ಅಪರೂಪ. ಈ ಸಾಲನ್ನು ಹಾಗೆಯೇ ಬಿಟ್ಟರೆ ವರ್ಷದ ನಾಲ್ಕು ತಿಂಗಳು ಒಪ್ಪಂದವೇ ಇಲ್ಲದಂತೆ. ಪ್ರತಿ ವರ್ಷ ತಪ್ಪದೆ ಬರುವುದನ್ನು ಯಾರೂ ನಿರೀಕ್ಷಿಸದ ವಿಕೋಪವೆಂದು ಕರೆಯಲಾಗದು, ಅದಕ್ಕೆ ತಯಾರಿ ಮಾಡಿಕೊಳ್ಳುವುದೂ ಸೇವೆಯ ಭಾಗ ಎಂಬುದು ನಮ್ಮ ವಾದ. ಇನ್ನೊಂದೆಡೆ, 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಇಲ್ಲವಾದದ್ದನ್ನು ಕಂಡ ನಮಗೆ, ಯಾವ ಎಂಜಿನಿಯರ್‌ಗೂ ತಲುಪಲಾಗದ ಜಾಗ ಇರುತ್ತದೆ ಎಂಬುದೂ ಗೊತ್ತು. ಹಾಗಾಗಿ ವಿನಾಯಿತಿಯನ್ನು ತೆಗೆದುಹಾಕದೆ, ಮಳೆಯ ಬದಲು ದಾರಿಗೆ ಕಟ್ಟಿದೆವು:

‘ತುಂಡಾದ ಸ್ಥಳಕ್ಕೆ ಹೋಗುವ ಎಲ್ಲ ರಸ್ತೆಗಳೂ ನೀರು, ಕುಸಿತ ಅಥವಾ ಜಿಲ್ಲಾಡಳಿತದ ಆದೇಶದಿಂದ ಮುಚ್ಚಿದ್ದ ಗಂಟೆಗಳನ್ನು ಮಾತ್ರ ಲೆಕ್ಕದಿಂದ ಬಿಡಲಾಗುವುದು. ರಸ್ತೆ ಮುಚ್ಚಿದೆ ಎಂದು ತಿಳಿದ ನಾಲ್ಕು ಗಂಟೆಯೊಳಗೆ ಕಂಪನಿಯು ಸ್ಥಳದ ಹೆಸರು ಮತ್ತು ಚಿತ್ರದೊಂದಿಗೆ ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ ವಿನಾಯಿತಿ ಇಲ್ಲ. ಮಳೆ, ಗಾಳಿ, ಮರ ಬೀಳುವುದು ತಾವಾಗಿ ವಿನಾಯಿತಿಯ ಕಾರಣಗಳಲ್ಲ.’

ನಾಲ್ಕು ಗಂಟೆಯ ಷರತ್ತು ಏಕೆಂದರೆ, ತಿಂಗಳ ಕೊನೆಗೆ ಬಿಲ್ಲಿನ ಜೊತೆ ಬರುವ ‘ಆ ದಿನ ರಸ್ತೆ ಬಂದ್ ಆಗಿತ್ತು’ ಎಂಬ ನೆನಪುಗಳಿಗೆ ಮಿತಿ ಇರುವುದಿಲ್ಲ.

ಮುಂದಿನ ಜಗಳ ಅಳತೆಯ ಅವಧಿಯದು. ಕರಡಿನಲ್ಲಿ ಶೇ 99.5 ಎಂಬುದು ವರ್ಷದ ಸರಾಸರಿ. ವರ್ಷಕ್ಕೆ 8,760 ಗಂಟೆ. ಅದರ ಅರ್ಧ ಶೇಕಡಾ ಎಂದರೆ ಸುಮಾರು 44 ಗಂಟೆ. ಜುಲೈನಲ್ಲಿ ಒಂದೂಮುಕ್ಕಾಲು ದಿನ ಸತತವಾಗಿ ಲೈನ್ ಇಲ್ಲದಿದ್ದರೂ, ಉಳಿದ ದಿನವೆಲ್ಲ ಚೆನ್ನಾಗಿದ್ದರೆ ಅವರು ಮಾತು ಉಳಿಸಿಕೊಂಡಂತೆ! ಬೇಸಿಗೆಯ ಒಳ್ಳೆಯತನದಲ್ಲಿ ಮಳೆಗಾಲದ ಸಾಲ ತೀರುತ್ತದೆ. ಅದೇ ಶೇಕಡಾವನ್ನು ತಿಂಗಳಿಗೆ, ಪ್ರತಿ ಶಾಖೆಗೆ ಬೇರೆಬೇರೆಯಾಗಿ ಅಳೆದರೆ 31 ದಿನದ ತಿಂಗಳಿಗೆ ಸಿಗುವ ರಿಯಾಯಿತಿ 3 ಗಂಟೆ 43 ನಿಮಿಷ. ಎಲ್ಲ ಶಾಖೆಗಳ ಸರಾಸರಿ ಎಂದು ಬರೆದರೂ ಅಪಾಯವೇ. ಪೊನ್ನಂಪೇಟೆಯ ನೂರು ಶೇಕಡಾ ನಾಪೋಕ್ಲಿನ ಕತ್ತಲನ್ನು ಮುಚ್ಚಿಬಿಡುತ್ತದೆ.

ಎಲ್ಲಿಂದ ಎಲ್ಲಿಗೆ ಅಳೆಯುವುದು ಎಂಬುದನ್ನೂ ಬರೆಯಬೇಕು. ಕಂಪನಿ ತನ್ನ ಟವರ್‌ವರೆಗೆ ಅಳೆಯಲು ಇಷ್ಟಪಡುತ್ತದೆ. ನಾವು ಹಣ ಕೊಡುವುದು ಶಾಖೆಯ ರೂಟರ್‌ನಿಂದ ಮಡಿಕೇರಿಯ ರೂಟರ್‌ವರೆಗಿನ ದಾರಿಗೆ. ಆ ಎರಡರ ನಡುವೆ ನಿಮಿಷಕ್ಕೊಮ್ಮೆ ಪಿಂಗ್, ಅಂದರೆ ‘ಇದ್ದೀಯಾ’ ಎಂದು ಕೇಳುವ ಪುಟ್ಟ ಸಂದೇಶ, ಸತತ ಮೂರು ಬಾರಿ ಉತ್ತರ ಬಾರದಿದ್ದರೆ ಮೊದಲ ವಿಫಲ ಪಿಂಗ್‌ನಿಂದಲೇ ಸ್ಥಗಿತ ಎಂದು ನಮೂದಿಸಿದೆವು. ಹದಿನೈದು ನಿಮಿಷ ನೂರಕ್ಕೆ ಐದಕ್ಕಿಂತ ಹೆಚ್ಚು ಪ್ಯಾಕೆಟ್, ಅಂದರೆ ಲೈನಿನಲ್ಲಿ ಹೋಗುವ ಮಾಹಿತಿಯ ತುಣುಕುಗಳು, ಕಳೆದುಹೋದರೆ ಅದೂ ಸ್ಥಗಿತವೇ. ಒದ್ದೆಯಾದ ಜೋಡಣೆಯಿಂದ ಲೈನ್ ಇದ್ದೂ ಇಲ್ಲದಂತಾಗುವುದು ಇಲ್ಲಿಯ ಮಾಮೂಲಿ ರೋಗ.

ವಿದ್ಯುತ್ತಿನ ವಿಷಯಕ್ಕೆ ಬಂದರೆ ಎರಡೂ ಕಡೆ ನ್ಯಾಯ ಬೇಕು. ನಮ್ಮ ಶಾಖೆಯ ಇನ್ವರ್ಟರ್ ಬರಿದಾಗಿ ಅವರ ಉಪಕರಣ ಆರಿದರೆ ಅದು ನಮ್ಮ ಲೆಕ್ಕ. ದಾರಿಯಲ್ಲಿರುವ ಅವರ ಪೆಟ್ಟಿಗೆಯ ಬ್ಯಾಟರಿ ಬರಿದಾದರೆ ಅದು ಅವರ ಲೆಕ್ಕ. ಹೊರಗಿನ ವಿದ್ಯುತ್ ಕಡಿತ ಅವರಿಗೆ ವಿನಾಯಿತಿಯಲ್ಲ. ಯಾವುದು ಯಾವುದೆಂದು ಪತ್ತೆಹಚ್ಚುವುದು ಕಷ್ಟವಲ್ಲ. ರೂಟರ್ ಎಷ್ಟು ಹೊತ್ತಿನಿಂದ ಎಡೆಬಿಡದೆ ಓಡುತ್ತಿದೆ ಎಂಬುದು ಅದರ ಪರದೆಯಲ್ಲೇ ಇರುತ್ತದೆ. ಹನ್ನೆರಡು ದಿನ ಎಂದು ತೋರಿಸುತ್ತಿದ್ದರೆ ನಿನ್ನೆ ರಾತ್ರಿ ನಮ್ಮ ಕಡೆ ವಿದ್ಯುತ್ ಹೋಗಿರಲಿಲ್ಲ ಎಂದೇ ಅರ್ಥ. ಆ ಅಂಕಿಯನ್ನು ಸಾಕ್ಷ್ಯವೆಂದು ಇಬ್ಬರೂ ಒಪ್ಪುವ ಸಾಲನ್ನು ಸೇರಿಸಿದ್ದರಿಂದ ಅನೇಕ ಫೋನ್ ಜಗಳಗಳು ತಪ್ಪಿದವು.

ಸ್ಪಂದನಾ ಸಮಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕರಡಿನಲ್ಲಿ ‘30 ನಿಮಿಷದಲ್ಲಿ ಸ್ಪಂದನೆ’ ಎಂದಷ್ಟೇ ಇತ್ತು. ‘ನಿಮ್ಮ ದೂರು ದಾಖಲಾಗಿದೆ’ ಎಂಬ ತಾನಾಗಿ ಬರುವ ಸಂದೇಶವೂ ಸ್ಪಂದನೆಯೇ ಆಗಿಬಿಡುತ್ತದೆ. ನಾವು ಸ್ಪಂದನೆ ಎಂದರೆ ಟಿಕೆಟ್, ಅಂದರೆ ದಾಖಲಾದ ದೂರು, ನೋಡುತ್ತಿರುವ ಎಂಜಿನಿಯರ್ ಕರೆ ಮಾಡಿ ದೋಷ ಯಾವ ಭಾಗದಲ್ಲಿದೆ ಎಂದು ಹೇಳುವುದು ಎಂದು ಬರೆದು, ಸರಿಪಡಿಸುವ ಸಮಯವನ್ನು ಪ್ರತ್ಯೇಕವಾಗಿ ಆರು ಗಂಟೆ ಎಂದು ನಿಗದಿ ಮಾಡಿದೆವು. ಲೈನ್ ಬಂದು ಹದಿನೈದು ನಿಮಿಷ ಸ್ಥಿರವಾಗಿ ನಿಂತರೆ ಮಾತ್ರ ಗಡಿಯಾರ ನಿಲ್ಲುತ್ತದೆ. ಎರಡು ಗಂಟೆಯೊಳಗೆ ಮತ್ತೆ ಹೋದರೆ ಹಳೆಯ ಟಿಕೆಟ್ಟೇ ಮುಂದುವರಿಯುತ್ತದೆ. ಇಲ್ಲದಿದ್ದರೆ ಟಿಕೆಟ್ ಮುಚ್ಚಿ ತೆರೆಯುವ ಆಟ ಶುರುವಾಗುತ್ತದೆ.

ಈ ಮಾತುಗಳು ಹೇಗೆ ಕೆಲಸ ಮಾಡಿದವು ಎಂಬುದಕ್ಕೆ ನಾಪೋಕ್ಲು ಶಾಖೆಯ ಒಂದು ಜುಲೈ ಸಾಕು. ಶುಕ್ರವಾರ ರಾತ್ರಿ 9.40ಕ್ಕೆ ಲೈನ್ ಹೋಯಿತು, ಶನಿವಾರ ಸಂಜೆ 5.10ಕ್ಕೆ ಬಂತು: ಒಟ್ಟು 19 ಗಂಟೆ 30 ನಿಮಿಷ. ಮರ ಬಿದ್ದು ಫೈಬರ್ ತುಂಡಾಗಿತ್ತು. ಬೆಳಿಗ್ಗೆ 6ರಿಂದ 11.30ರವರೆಗೆ ರಸ್ತೆಯ ಮೇಲೆ ಹೊಳೆಯ ನೀರಿತ್ತು. ಅದರ ಚಿತ್ರವನ್ನು ಅವರು ಎಂಟು ಗಂಟೆಗೇ ಕಳಿಸಿದ್ದರು, ಹಾಗಾಗಿ ಆ ಐದೂವರೆ ಗಂಟೆ ನ್ಯಾಯವಾಗಿ ಬಿಟ್ಟುಹೋಯಿತು. ಉಳಿದದ್ದು 14 ಗಂಟೆ. ಬಿಟ್ಟ ಗಂಟೆಗಳನ್ನು ಒಟ್ಟು ಗಂಟೆಗಳಿಂದಲೂ ಕಳೆಯಬೇಕೆಂದು ಸೂತ್ರದಲ್ಲಿ ಇತ್ತು:

```
ಲಭ್ಯತೆ = (744 - 5.5 - 14) / (744 - 5.5) × 100
        = 724.5 / 738.5 × 100 = 98.10
```

ನಮ್ಮ ಪಟ್ಟಿಯ ಪ್ರಕಾರ ಶೇ 99.5ಕ್ಕಿಂತ ಕೆಳಗಿಳಿದರೆ ಆ ಶಾಖೆಯ ತಿಂಗಳ ಬಾಡಿಗೆಯಲ್ಲಿ ಶೇ 5, 99ಕ್ಕಿಂತ ಕೆಳಗಾದರೆ ಶೇ 10, 98ಕ್ಕಿಂತ ಕೆಳಗಾದರೆ ಶೇ 20 ಕಡಿತ. ಬಾಡಿಗೆ 9,000 ರೂಪಾಯಿ, ಕಡಿತ 900. ರಸ್ತೆಯ ವಿನಾಯಿತಿ ಇಲ್ಲದಿದ್ದರೆ ಲಭ್ಯತೆ 97.38 ಆಗಿ 1,800 ಕಡಿತವಾಗುತ್ತಿತ್ತು. ಹಳೆಯ ಕರಡು ಉಳಿದಿದ್ದರೆ ಮರ ಬಿದ್ದ ಕಾರಣಕ್ಕೆ ಲಭ್ಯತೆ ಪೂರ್ತಿ ನೂರು, ಕಡಿತ ಸೊನ್ನೆ.

ದಂಡದ ಮಾತಿನಲ್ಲಿ ವಕೀಲರು ನಮ್ಮ ಉತ್ಸಾಹಕ್ಕೆ ಸ್ವಲ್ಪ ತಣ್ಣೀರು ಎರಚಿದರು. ಕಾರ್ಯದರ್ಶಿಯವರು ಗಂಟೆಗೆ ಐದು ಸಾವಿರ ದಂಡ ಹಾಕೋಣ ಎಂದಿದ್ದರು. ‘ಬರೆಯಬಹುದು ಸರ್, ಆದರೆ ವಸೂಲಾಗುವುದು ಬೇರೆ ಮಾತು’ ಎಂದರು ವಕೀಲರು. ಭಾರತೀಯ ಒಪ್ಪಂದ ಕಾಯ್ದೆ, 1872ರ 74ನೇ ಕಲಂ ಪ್ರಕಾರ ಒಪ್ಪಂದದಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ಅದರೊಳಗೆ ಸಮಂಜಸವಾದ ಪರಿಹಾರವಷ್ಟೇ ಸಿಗುತ್ತದೆ. ಹೆದರಿಸಲು ಬರೆದ ದೊಡ್ಡ ಅಂಕಿ ಕೋರ್ಟಿನಲ್ಲಿ ಹೆದರಿಸುವುದಿಲ್ಲ. ಆದ್ದರಿಂದ ಕಡಿಮೆ ಸೇವೆಗೆ ಕಡಿಮೆ ಬಾಡಿಗೆ ಎಂಬ ರೂಪದಲ್ಲಿ ಬರೆದು, ಮುಂದಿನ ಬಿಲ್ಲಿನಲ್ಲೇ ಕಂಪನಿ ತಾನಾಗಿ ಕಳೆಯಬೇಕು ಎಂದು ಸೇರಿಸಿದೆವು. ಕರಡಿನಲ್ಲಿ ಗ್ರಾಹಕರು ಏಳು ದಿನದೊಳಗೆ ಲಿಖಿತವಾಗಿ ಕೇಳಿದರೆ ಮಾತ್ರ ಕಡಿತ ಎಂದಿತ್ತು. ಶಾಖೆಯ ಗುಮಾಸ್ತರು ಅದನ್ನು ನೆನಪಿಟ್ಟುಕೊಂಡು ಅರ್ಜಿ ಬರೆಯುವುದಿಲ್ಲ ಎಂದು ಅದನ್ನು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ಎಸ್ಕಲೇಷನ್ ಪಟ್ಟಿ, ಅಂದರೆ ದೂರನ್ನು ಮೇಲಿನವರಿಗೆ ಒಯ್ಯುವ ಕ್ರಮ, ಎಲ್ಲ ಒಪ್ಪಂದಗಳಲ್ಲೂ ಇರುತ್ತದೆ. ಸಾಮಾನ್ಯವಾಗಿ ಅದು ನಾಲ್ಕು ಪದನಾಮಗಳ ಏಣಿ. ಮೇಲೇರಿದಷ್ಟೂ ಅದೇ ‘ನೋಡುತ್ತಿದ್ದೇವೆ’ ಎಂಬ ಉತ್ತರ ಹೆಚ್ಚು ವಿನಯದಿಂದ ಸಿಗುತ್ತದೆ. ನಾವು ಪ್ರತಿ ಮೆಟ್ಟಿಲಿನ ಎದುರು ಆ ವ್ಯಕ್ತಿಗೆ ಇರಬೇಕಾದ ಅಧಿಕಾರವನ್ನೇ ಬರೆಸಿದೆವು. ಎರಡು ಗಂಟೆ ದಾಟಿದರೆ ವಲಯದ ಎಂಜಿನಿಯರ್: ಕುಶಾಲನಗರದಿಂದ ಇನ್ನೊಂದು ತಂಡವನ್ನು ಕಳಿಸಬಲ್ಲವರು. ನಾಲ್ಕು ಗಂಟೆಗೆ ಪ್ರಾದೇಶಿಕ ವ್ಯವಸ್ಥಾಪಕ: ಮರ ಕಡಿಯುವವರನ್ನು ಕೂಲಿಗೆ ಕರೆಯಲು ಸ್ಥಳದಲ್ಲೇ ಹಣ ಮಂಜೂರು ಮಾಡಬಲ್ಲವರು. ಎಂಟು ಗಂಟೆಗೆ ಬೆಂಗಳೂರಿನ ಮುಖ್ಯಸ್ಥರು: ತಾತ್ಕಾಲಿಕವಾಗಿ ಮೇಲುತಂತಿ ಎಳೆಯಲು ಅಥವಾ ಮೊಬೈಲ್ ಸಂಪರ್ಕದ ರೂಟರ್ ಕೊಡಲು ಒಪ್ಪಿಗೆ ನೀಡಬಲ್ಲವರು. ದೂರು ಮೇಲೇರುವುದು ನಮ್ಮ ಕರೆಯಿಂದಲ್ಲ, ಗಂಟೆ ಕಳೆದಂತೆ ತಾನಾಗಿ; ರಾತ್ರಿಯೂ, ಭಾನುವಾರವೂ. ಪ್ರತಿ ಹಂತದಲ್ಲೂ ಕೊಡಗಿನ ಹೊರಗೆ ಇರುವ ಒಂದು ಫೋನ್ ಸಂಖ್ಯೆ ಇರಲೇಬೇಕೆಂದೂ ಹಟ ಹಿಡಿದೆವು. ಜೋರು ಮಳೆಯಲ್ಲಿ ಲೈನ್ ಹೋದ ಹೊತ್ತಿಗೇ ಇಲ್ಲಿಯ ಮೊಬೈಲ್ ಟವರ್‌ಗಳೂ ಆರುತ್ತವೆ, ಸ್ಥಳೀಯ ಎಂಜಿನಿಯರ್‌ಗೆ ಕರೆ ಹೋಗುವುದೇ ಇಲ್ಲ.

ಎಲ್ಲವೂ ನಾವು ಕೇಳಿದಂತೆ ಆಗಲಿಲ್ಲ. ಕಡಿತಕ್ಕೆ ಶೇ 20ರ ಮಿತಿ ಬೇಡ ಎಂದೆವು, ಅವರು ಬಗ್ಗಲಿಲ್ಲ. ಒಂಬೈನೂರು ರೂಪಾಯಿ ಅವರಿಗೆ ಲೆಕ್ಕಕ್ಕೇ ಬರುವುದಿಲ್ಲ ಎಂಬುದು ನಮಗೂ ಗೊತ್ತಿತ್ತು, ಆದ್ದರಿಂದ ಆ ಮಿತಿಯನ್ನು ಒಪ್ಪಿಕೊಂಡು ಪ್ರತಿಯಾಗಿ ಬೇರೊಂದನ್ನು ಪಡೆದೆವು: ಯಾವುದೇ ಆರು ತಿಂಗಳಲ್ಲಿ ಒಂದೇ ಶಾಖೆ ಮೂರು ಬಾರಿ ಶೇ 98ಕ್ಕಿಂತ ಕೆಳಗಿಳಿದರೆ, ಉಳಿದ ಅವಧಿಯ ಬಾಡಿಗೆ ಕಟ್ಟದೆ ಆ ಶಾಖೆಯ ಸಂಪರ್ಕವನ್ನು ನಾವು ಬಿಡಬಹುದು. ಮೂರು ವರ್ಷದ ಒಪ್ಪಂದದಲ್ಲಿ ಕಂಪನಿಯ ಮಾರಾಟ ವಿಭಾಗ ಎರಡು ಬಾರಿ ಓದಿದ್ದು ಇದೊಂದೇ ಸಾಲನ್ನು. ‘ಮೂರನ್ನು ನಾಲ್ಕು ಮಾಡಿ ಸರ್’ ಎಂದು ಕೇಳಿದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇರುವುದೇ ನಾಲ್ಕು ತಿಂಗಳು ಎಂದು ಕಾರ್ಯದರ್ಶಿಯವರು ಬೆರಳು ಮಡಚಿ ತೋರಿಸಿದ ಮೇಲೆ ಮೂರಕ್ಕೇ ಸಹಿ ಬಿತ್ತು.