ಜೋಡಿ ಷೇರುಗಳ ಅಂತರದ ಮೇಲೆ ವ್ಯಾಪಾರ: ನನ್ನ ಅನುಭವ

ಒಟ್ಟಿಗೆ ಸಾಗುವ ಎರಡು ಷೇರುಗಳ ಬೆಲೆಯ ಅಂತರ ಹಿಗ್ಗಿದಾಗ ಒಂದನ್ನು ಕೊಂಡು ಇನ್ನೊಂದನ್ನು ಮಾರಿ, ಅಂತರ ಮರಳಿದಾಗ ಹೊರಬರುವುದೇ ಜೋಡಿ ವ್ಯಾಪಾರ. ಬಳ್ಳಾರಿಯ ನಮ್ಮ ಟ್ರೇಡಿಂಗ್ ಗೆಳೆಯರಲ್ಲಿ ಅದರ ಮಾತು ಬಂದರೆ ಮೊದಲು ಬರುವ ಹೆಸರುಗಳು ಎನ್‌ಎಂಡಿಸಿ ಮತ್ತು ಜೆಎಸ್‌ಡಬ್ಲ್ಯು ಸ್ಟೀಲ್. ಒಂದು ದೋಣಿಮಲೆಯಲ್ಲಿ ಅದಿರು ತೆಗೆಯುತ್ತದೆ, ಇನ್ನೊಂದು ತೋರಣಗಲ್ಲಿನಲ್ಲಿ ಉಕ್ಕು ತಯಾರಿಸುತ್ತದೆ. ಆದರೆ ಅಂತರ ತನ್ನ ಸರಾಸರಿಗೆ ಮರಳುತ್ತದೆಯೇ ಎಂದು ನೋಡುವ ನನ್ನ ಕೋಇಂಟಿಗ್ರೇಷನ್ ಪರೀಕ್ಷೆಯಲ್ಲಿ ಈ ಜೋಡಿ ನಿಲ್ಲಲಿಲ್ಲ. ಅದಿರಿನ ಬೆಲೆ ಒಂದಕ್ಕೆ ಆದಾಯ, ಇನ್ನೊಂದಕ್ಕೆ ಖರ್ಚು. ದಿನದ ಏರಿಳಿತ ಎಷ್ಟೇ ಹೊಂದಿದರೂ ಅಂತರ ಮಾತ್ರ ತಿಂಗಳುಗಟ್ಟಲೆ ಒಂದೇ ಕಡೆಗೆ ಸರಿಯುತ್ತ ಹೋಯಿತು. 2022ರಲ್ಲಿ ಎನ್‌ಎಂಡಿಸಿಯ ಉಕ್ಕಿನ ಘಟಕ ಬೇರ್ಪಟ್ಟದ್ದರಿಂದ, ಹೊಂದಾಣಿಕೆ ಮಾಡದ ಹಳೆಯ ಬೆಲೆಗಳನ್ನು ಬಳಸಿದವರಿಗೆ ಅಂತರದಲ್ಲಿ ಸುಳ್ಳು ಜಿಗಿತವೂ ಸಿಗುತ್ತದೆ.

ಕೊನೆಗೆ ಕೈಹಿಡಿದದ್ದು ಖಾಸಗಿ ವಲಯದ ಎರಡು ಬ್ಯಾಂಕುಗಳು. ಅವುಗಳ ಹೆಸರನ್ನು ಇಲ್ಲಿ ಹೇಳಲಾರೆ. ಹಿಂದಿನ ಸುಮಾರು ಎರಡು ವರ್ಷಗಳ ದಿನದ ಮುಕ್ತಾಯ ಬೆಲೆಗಳ ಲಾಗ್ ತೆಗೆದುಕೊಂಡು ಎರಡೂ ದಿಕ್ಕಿನಲ್ಲಿ ಪರೀಕ್ಷಿಸಿದೆ:

```python
import numpy as np
from statsmodels.tsa.stattools import coint

coint(np.log(a), np.log(b))
coint(np.log(b), np.log(a))
```

ಇಲ್ಲಿ ಅನೇಕರು ಒಂದು ಷೇರಿನ ಲಾಗ್ ಬೆಲೆಯನ್ನು ಇನ್ನೊಂದರ ಮೇಲೆ ರಿಗ್ರೆಸ್ ಮಾಡಿ, ಉಳಿದ ಶೇಷಕ್ಕೆ ನೇರವಾಗಿ `adfuller` ಹಾಕಿ −2.86 ದಾಟಿದರೆ ಸಾಕೆಂದು ತಿಳಿಯುತ್ತಾರೆ. ಆ ಶೇಷವು ಆದಷ್ಟು ಚಿಕ್ಕದಾಗುವಂತೆ ನಾವೇ ಹೊಂದಿಸಿದ್ದಾದ್ದರಿಂದ ಎರಡು ಷೇರುಗಳಿಗೆ ಶೇಕಡಾ 5ರ ಮಿತಿ ಸುಮಾರು −3.34 ಇರಬೇಕು. ನನ್ನ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಜೋಡಿಗಳು ಉದುರಿಹೋದದ್ದು ಈ ಎರಡು ಅಂಕಿಗಳ ನಡುವೆಯೇ.

ಆ ರಿಗ್ರೆಷನ್‌ನ ಇಳಿಜಾರು, ಅಂದರೆ ಬೀಟಾ, 0.95ರ ಆಸುಪಾಸಿನಲ್ಲಿ ಬಂತು. ಲಾಗ್ ಬೆಲೆಯಲ್ಲಿ ಅದು ಷೇರುಗಳ ಸಂಖ್ಯೆಯ ಅನುಪಾತವಲ್ಲ, ರೂಪಾಯಿ ಮೌಲ್ಯದ ಅನುಪಾತ. ರಾತ್ರಿ ದಾಟಿಸುವ ಶಾರ್ಟ್‌ಗೆ ನಮಗೆ ಫ್ಯೂಚರ್ಸ್ ಬೇಕಾದ್ದರಿಂದ, ಒಂದೊಂದು ಲಾಟಿನ ಮೌಲ್ಯ ಈ ಅನುಪಾತಕ್ಕೆ ಹತ್ತಿರವಿಲ್ಲದ ಜೋಡಿ ಪರೀಕ್ಷೆ ಗೆದ್ದರೂ ಸಣ್ಣ ಬಂಡವಾಳದವನಿಗೆ ಕೆಲಸಕ್ಕೆ ಬರುವುದಿಲ್ಲ.

ಪ್ರವೇಶದ ಮಿತಿಯನ್ನು ನಾನು ಖರ್ಚಿನಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ಅಂತರದ ಪ್ರಮಾಣಿತ ವಿಚಲನೆ ಸುಮಾರು ಶೇಕಡಾ 1.3, ಒಂದು ಬದಿಯ ಮೌಲ್ಯ ಸುಮಾರು 6 ಲಕ್ಷ ರೂಪಾಯಿ. ಒಂದು ವಿಚಲನೆಯಲ್ಲಿ ಹೊಕ್ಕು ಅರ್ಧ ವಿಚಲನೆಯಲ್ಲಿ ಹೊರಬಂದರೆ ಸಿಗುವುದು 3,900 ರೂಪಾಯಿ. ನಾಲ್ಕು ಆರ್ಡರುಗಳ ಬ್ರೋಕರೇಜ್, ತೆರಿಗೆ, ಸ್ಲಿಪೇಜ್ ಸೇರಿ 1,500 ಹೋಗುತ್ತದೆ. ಎರಡು ವಿಚಲನೆಯಲ್ಲಿ ಹೊಕ್ಕರೆ ಅದೇ ಖರ್ಚಿಗೆ 11,700 ಸಿಗುತ್ತದೆ. ಹದಿನೈದು ನಿಮಿಷದ ಬೆಲೆಗಳ ಮೇಲೆಯೂ ಪ್ರಯೋಗ ಮಾಡಿ ನೋಡಿದೆ. ಸಂಕೇತಗಳು ಧಾರಾಳ, ಲಾಭವೆಲ್ಲ ಖರ್ಚಿಗೇ ಸರಿ.

ಹೊರಬರುವ ಗಡುವು ಅರ್ಧಾಯುಷ್ಯದಿಂದ, ಅಂದರೆ ಹಿಗ್ಗಿದ ಅಂತರ ಅರ್ಧಕ್ಕೆ ಇಳಿಯಲು ಬೇಕಾಗುವ ದಿನಗಳಿಂದ ಬರುತ್ತದೆ. ಅಂತರದ ದಿನದ ಬದಲಾವಣೆಯನ್ನು ಹಿಂದಿನ ದಿನದ ಅಂತರದ ಮೇಲೆ ರಿಗ್ರೆಸ್ ಮಾಡಿದಾಗ ಇಳಿಜಾರು −0.06 ಬಂದರೆ, 0.693 ಭಾಗಿಸು 0.06, ಅಂದರೆ ಹನ್ನೊಂದು-ಹನ್ನೆರಡು ವಹಿವಾಟಿನ ದಿನ. ಅದರ ಮೂರು ಪಟ್ಟು ಕಳೆದರೂ ಅಂತರ ಮರಳದಿದ್ದರೆ ನಷ್ಟವಿದ್ದರೂ ಮುಚ್ಚುತ್ತೇನೆ. ಒಂದು ಬ್ಯಾಂಕಿನ ಫಲಿತಾಂಶದ ಮರುದಿನ ಅಂತರ ಮೂರೂವರೆ ವಿಚಲನೆ ದಾಟಿದಾಗ ಸುಮಾರು 14,000 ರೂಪಾಯಿ ಕಳೆದುಕೊಂಡು ಹೊರಬಂದೆ, ಅಂತರ ಆಮೇಲೆಯೂ ಅಗಲವಾಗುತ್ತಲೇ ಹೋಯಿತು. ಫಲಿತಾಂಶದ ವಾರದಲ್ಲಿ ಹೊಸ ಪ್ರವೇಶವನ್ನು ಹೇಗೆ ಸೋಸುತ್ತೇನೆ ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಇದೆಲ್ಲ ಪುಸ್ತಕದ ಲೆಕ್ಕ ಎಂದಿದ್ದ ಗೆಳೆಯರಿಬ್ಬರು ಈಗ ತಮ್ಮ ಜೋಡಿಗಳ ಬೆಲೆಪಟ್ಟಿಯನ್ನು ನನಗೆ ಕಳಿಸುತ್ತಿದ್ದಾರೆ. ಪ್ರತಿ ತಿಂಗಳು ಪರೀಕ್ಷೆಯನ್ನು ಮತ್ತೆ ಓಡಿಸಿ, −3.34 ದಾಟದ ಜೋಡಿಯನ್ನು ಅವರಿಗೂ ಬಿಡಿಸುತ್ತಿದ್ದೇನೆ.